ಆವರಣದೊಳಗಿನ ನಗು

ಬಿ.ಜಿ. ಕೆರೆಯ ನಿಂಗಕ್ಕ ಗಂಡನ ಹೆಣದ ಪಕ್ಕದಲ್ಲಿ ಕೂತು ನಕ್ಕಳು ಎಂದು ನಮ್ಮ ಚಾನೆಲ್ ಊರಿಗೆಲ್ಲ ತೋರಿಸಿತು. ನಿಂಗಕ್ಕ ನಕ್ಕಿರಲಿಲ್ಲ, ಅತ್ತಿದ್ದಳು. ಅದನ್ನು ನಗು ಎಂದು ಬರೆದದ್ದು ಮನುಷ್ಯರಲ್ಲ, ಒಂದು ಸಾಫ್ಟ್‌ವೇರು. ಆದರೆ ಊರಿನವರು ಸಾಫ್ಟ್‌ವೇರನ್ನು ಬೈಯಲಿಲ್ಲ, ಚಾನೆಲನ್ನೂ ಬೈಯಲಿಲ್ಲ. ನಿಂಗಕ್ಕನಿಗೆ ಅಡ್ಡಹೆಸರಿಟ್ಟರು.

ನಮ್ಮದು ಚಳ್ಳಕೆರೆಯ ಒಂದು ಯೂಟ್ಯೂಬ್ ಸುದ್ದಿ ಚಾನೆಲ್. ಪಾವಗಡ ರಸ್ತೆಯಲ್ಲಿ ಜಗದಾಂಬ ಅಮ್ಮನವರ ಮನೆಯ ಮಹಡಿ ಮೇಲಿನ ಎರಡು ಕೋಣೆಗಳೇ ಆಫೀಸು. ಮಾಲೀಕ ಅಮರೇಶ್, ಕ್ಯಾಮೆರಾಕ್ಕೆ ಈರೇಶ್, ಬರಹಕ್ಕೆ ನಾನು. ನಮ್ಮ ವಿಡಿಯೊಗಳನ್ನು ನೋಡುವವರಲ್ಲಿ ಹೆಚ್ಚಿನವರು ಬಸ್ಸಿನಲ್ಲೋ ಅಂಗಡಿಯಲ್ಲೋ ಕೂತು, ಸದ್ದು ಆರಿಸಿ ನೋಡುತ್ತಾರೆ. ಅದಕ್ಕೇ ಅಮರೇಶ್ ಬೆಂಗಳೂರಿನ ಒಂದು ಕಂಪನಿಯಿಂದ ಆ ಸಾಫ್ಟ್‌ವೇರು ತರಿಸಿದ್ದು. ಅದಕ್ಕೆ ವಿಡಿಯೊ ಕೊಟ್ಟರೆ ಮಾತುಗಳನ್ನು ಅಕ್ಷರ ಮಾಡಿ ಕೆಳಗೆ ಹಾಕುತ್ತದೆ. ಮಾತಲ್ಲದ ಸದ್ದು ಬಂದರೆ ಅದೇನೆಂದು ಗುರುತಿಸಿ ಆವರಣದಲ್ಲಿ ಬರೆಯುತ್ತದೆ: (ಚಪ್ಪಾಳೆ), (ನಗು), (ಸೈರನ್), (ಪಟಾಕಿ). ಕಿವಿ ಕೇಳದವರಿಗೆ ಇದರಿಂದ ಉಪಕಾರ ಎಂದು ಕಂಪನಿಯವರು ಹೇಳಿದಾಗ ನನಗೆ ನಿಜವಾಗಿ ಸಂತೋಷವಾಗಿತ್ತು.

ಮೊದಮೊದಲು ಅದರ ತಪ್ಪುಗಳು ತಮಾಷೆಯಾಗಿದ್ದವು. ಪರಶುರಾಂಪುರದ ಕಡೆ ಶೇಂಗಾ ಬಿಡಿಸುವ ಯಂತ್ರದಿಂದ ಕಾಯಿ ತಗಡಿನ ಮೇಲೆ ಸುರಿಯುವಾಗ (ಚಪ್ಪಾಳೆ) ಎಂದು ಬರೆಯಿತು. ಎಣ್ಣೆ ಮಿಲ್ಲಿನ ಪಾಳಿ ಮುಗಿದ ಕೂಗಿಗೆ (ಸೈರನ್) ಎಂದಿತು. ಅದು ಸುಳ್ಳೇನೂ ಅಲ್ಲ, ಆದರೆ ಆಂಬುಲೆನ್ಸ್ ಬಂತೆಂದು ತಿಳಿದ ಇಬ್ಬರು ಫೋನ್ ಮಾಡಿದ್ದರು. ಅಂದಿನಿಂದ ಇಂಥವನ್ನು ನಾನು ಪ್ರಕಟಣೆಗೆ ಮುಂಚೆ ತಿದ್ದುತ್ತಿದ್ದೆ. ಒಮ್ಮೆ ತಿದ್ದಿ, ಮನಸ್ಸು ಒಪ್ಪದೆ ಮತ್ತೊಮ್ಮೆ ನೋಡುತ್ತಿದ್ದೆ. "ಶೈಲಜಾ ಮೇಡಂ ಗ್ಯಾಸ್ ಆರಿಸಿದ್ರೂ ಮೂರು ಸಲ ಹೋಗಿ ನೋಡ್ತಾರೆ" ಎಂದು ಈರೇಶ್ ಆಡಿಕೊಳ್ಳುತ್ತಿದ್ದ. ಅದು ನಿಜ.

ಆದರೆ ನನ್ನ ಕಣ್ಣಿಗೆ ಬೀಳದ ಒಂದು ದಾರಿ ಇತ್ತು. ಉದ್ದದ ವಿಡಿಯೊದಲ್ಲಿ ಎಲ್ಲಿ ನಗುವೂ ಚಪ್ಪಾಳೆಯೂ ಹೆಚ್ಚು ಸಿಕ್ಕುತ್ತದೋ ಆ ಭಾಗವನ್ನು ಸಾಫ್ಟ್‌ವೇರು ತಾನೇ ಕತ್ತರಿಸಿ ಚಿಕ್ಕ ವಿಡಿಯೊ ಮಾಡುತ್ತಿತ್ತು. ಜನ ನಕ್ಕ ಜಾಗ, ಕೈ ತಟ್ಟಿದ ಜಾಗ ರಂಜನೆಯ ಜಾಗ ಎಂಬುದು ಅದರ ಲೆಕ್ಕ. ಅಂಥವನ್ನು "ನಕ್ಕು ಬಿಡಿ" ಎಂಬ ಪಟ್ಟಿಗೆ ಸೇರಿಸಿ, ಯಾರನ್ನೂ ಕೇಳದೆ ಹಾಕಿಬಿಡುವಂತೆ ಅಮರೇಶ್ ಹೊಂದಿಸಿದ್ದ. ನಾಟಕದ ಹಾಸ್ಯ, ಕಾಲೇಜು ವಾರ್ಷಿಕೋತ್ಸವ ಇಂಥವೇ ಬರುತ್ತಿದ್ದರಿಂದ ಯಾರೂ ಅದರ ಗೋಜಿಗೆ ಹೋಗಿರಲಿಲ್ಲ.

ನಿಂಗಕ್ಕನ ಗಂಡ ಯರ್ರಪ್ಪ ಕುರಿ ದಾಟಿಸುವಾಗ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತ. ಊರವರು ರಸ್ತೆ ದಾಟಲು ಕೆಳಸೇತುವೆ ಬೇಕೆಂದು ಧರಣಿ ಕೂತರು. ಈರೇಶ್ ಹೋಗಿ ಸಾವಿನ ಮನೆಯನ್ನೂ ಧರಣಿಯನ್ನೂ ಚಿತ್ರಿಸಿಕೊಂಡು ಬಂದ. ಉದ್ದದ ವರದಿ ನನ್ನ ಮೇಜಿಗೆ ಬರುವಷ್ಟರಲ್ಲಿ ಚಿಕ್ಕದು ಹೊರಟು ಹೋಗಿತ್ತು. "ನಕ್ಕು ಬಿಡಿ" ಎಂಬ ಹಳದಿ ಪಟ್ಟಿ. ಅದರ ಕೆಳಗೆ, ಹೆಣದ ಪಕ್ಕ ಕೂದಲು ಬಿಚ್ಚಿ ಹೋಗಿ ಕೂತ ನಿಂಗಕ್ಕ. ಅವಳ ಎದೆಯ ಮೇಲೆ ದಪ್ಪ ಅಕ್ಷರ: (ನಗು). ಸುತ್ತ ಕೂತ ಹೆಂಗಸರು ಅಂಗೈಗೆ ಅಂಗೈ ಬಡಿದುಕೊಂಡಾಗ: (ಚಪ್ಪಾಳೆ). ಮತ್ತೆ (ನಗು).

ಅವಳ ಮಗಳು ಕಾವ್ಯ ಫೋನ್ ಮಾಡಿದಾಗಲೇ ನನಗೆ ಗೊತ್ತಾದದ್ದು. ಕಾವ್ಯ ಮೊಳಕಾಲ್ಮೂರಿನಲ್ಲಿ ಪಿಯುಸಿ ಓದುವ ಹುಡುಗಿ.

"ಮೇಡಂ, ಅದು ನೀವು ಬರ್ದಿದ್ದಾ?"

"ಯಾವುದು?"

"ನಮ್ಮವ್ವ ನಗ್ತಾಳೆ ಅಂತ. ಬಸ್ಸಲ್ಲಿ ಎಲ್ಲರ ಫೋನಲ್ಲೂ ಐತೆ. ನನ್ನ ಮುಂದಿನ ಸೀಟಲ್ಲೇ ಕೂತು ನೋಡಿದ್ರು."

ನಾನು ಆ ವಿಡಿಯೊವನ್ನು ತಕ್ಷಣ ತೆಗೆದೆ. ತೆಗೆದೆನೆಂದು ಖಚಿತವಾಗಲು ಬೇರೆ ಫೋನಿನಿಂದಲೂ ನೋಡಿದೆ. ನಮ್ಮ ಚಾನೆಲಿನಲ್ಲಿ ಅದು ಇರಲಿಲ್ಲ. ಆದರೆ ಚಿಕ್ಕ ವಿಡಿಯೊಗಳಲ್ಲಿ ಅಕ್ಷರಗಳು ಚಿತ್ರದೊಳಗೇ ಅಚ್ಚಾಗಿರುತ್ತವೆ, ಬೇರ್ಪಡಿಸಲು ಬರುವುದಿಲ್ಲ. ಯಾರು ಯಾರು ಇಳಿಸಿಕೊಂಡು ವಾಟ್ಸಾಪಿನಲ್ಲಿ ಕಳಿಸಿದ್ದರೋ ಅವರ ಹತ್ತಿರ ಅದು ಹಾಗೇ ಇತ್ತು.

ಮರುದಿನ ಈರೇಶನ ಬೈಕಿನಲ್ಲಿ ಬಿ.ಜಿ. ಕೆರೆಗೆ ಹೋದೆ. ಅಮರೇಶ್ ಬರಲಿಲ್ಲ. "ನಾನು ಹೋದ್ರೆ ಗಲಾಟೆ ಆಗ್ತೈತೆ, ಹೆಂಗಸ್ರು ಹೋದ್ರೆ ಮಾತಲ್ಲೇ ಮುಗೀತೈತೆ" ಎಂದ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಾ, ಒಡೆಯುತ್ತಾ ಕೂತೆ. 'ತಪ್ಪಾಗಿದೆ' ಅನ್ನಬೇಕೋ, 'ತಪ್ಪು ಮಾಡಿದ್ದೇವೆ' ಅನ್ನಬೇಕೋ. ಮನೆ ಕೇಳಲು ಒಂದು ಅಂಗಡಿಯ ಮುಂದೆ ನಿಲ್ಲಿಸಿದೆವು. ಅಂಗಡಿಯ ಕೊಟ್ಟೂರಪ್ಪ ಬೀಡಿ ಕಟ್ಟು ಎಣಿಸುತ್ತಿದ್ದವನು ತಲೆ ಎತ್ತಿ, "ಯಾವ ನಿಂಗಕ್ಕ? ನವ್ವುಲಕ್ಕನಾ?" ಎಂದ.

ಈರೇಶ್ ಮುಖ ತಿರುಗಿಸಿದ. ಆ ಕಡೆಯವರ ಬಾಯಲ್ಲಿ ಕನ್ನಡ, ತೆಲುಗು ಎರಡೂ ಬೆರೆತಿರುತ್ತವೆ. ನವ್ವು ಅಂದರೆ ತೆಲುಗಿನಲ್ಲಿ ನಗು. ನವ್ವುಲಕ್ಕ, ನಗುವಿನ ಅಕ್ಕ. ಕೇಳಲು ಮುದ್ದಾಗಿತ್ತು. ಅದೇ ನನ್ನನ್ನು ಹೆದರಿಸಿತು. ಕೆಟ್ಟ ಬೈಗುಳವಾಗಿದ್ದರೆ ನಾಲ್ಕು ದಿನ ಅಂದು ಬಿಡುತ್ತಿದ್ದರು. ಬಾಯಿಗೆ ಹಿತವಾದ ಹೆಸರು ಬಿಟ್ಟುಹೋಗುವುದಿಲ್ಲ.

ನಿಂಗಕ್ಕ ಅಂಗಳದಲ್ಲಿ ಕುರಿಮರಿಗೆ ಸೊಪ್ಪು ಹಾಕುತ್ತಿದ್ದಳು. ನಾನು ಕಟ್ಟಿಕೊಂಡು ಬಂದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ವಿಡಿಯೊ ತೆಗೆದಿದ್ದೀವಿ ಅಕ್ಕ. ನಮ್ಮಿಂದ ತಪ್ಪಾಯ್ತು. ಮಷೀನು ಹಂಗೆ ಬರೆದುಬಿಟ್ಟಿತ್ತು."

"ಮಷೀನು ನಮ್ಮೂರಿಗೆ ಬಂದಿತ್ತಾ?"

"ಇಲ್ಲ, ಅದು ಸದ್ದು ಕೇಳಿ..."

"ಸದ್ದು ಕೇಳಿದ್ರೆ ಗೊತ್ತಾಗಲ್ವಾ? ಬೀದಿ ನಾಯಿಗೂ ಗೊತ್ತಾಗ್ತೈತೆ, ಈ ಮನೇಲಿ ಸಾವಾಗೈತೆ ಅಂತ."

ಅವಳು ಸೊಪ್ಪಿನ ಕಂತೆ ಕೆಳಗಿಟ್ಟು ಕೈ ಒರೆಸಿಕೊಂಡಳು.

"ವಿಡಿಯೊ ತೆಗೆದ್ರೆ ತೆಗೀಲಿ ಬಿಡು. ಹೆಸರು ತೆಗೀತೀಯಾ? ನಮ್ಮೂರಲ್ಲಿ ಕುಂಟ ತಿಪ್ಪೇರುದ್ರ ಅಂತ ಒಬ್ಬ ಅವನೆ. ಚಿಕ್ಕವನಿದ್ದಾಗ ಕಾಲು ಮುರ್ಕೊಂಡಿದ್ದ. ಈಗ ನೆಟ್ಟಗೆ ನಡೀತಾನೆ, ಮೊಮ್ಮಕ್ಕಳು ಅವ್ರೆ. ಈಗಲೂ ಕುಂಟ. ನಾಳೆ ನನ್ನ ಮಗಳನ್ನ ಕೇಳಾಕೆ ಬಂದೋರು ಯಾರ ಮಗಳು ಅಂದ್ರೆ, ಗಂಡ ಸತ್ತಾಗ ನಕ್ಕೋಳ ಮಗಳು ಅಂತಾರೆ."

"ತೆಗೆಯೋಕೆ ಪ್ರಯತ್ನ ಮಾಡ್ತೀನಿ ಅಕ್ಕ."

"ಹೆಂಗೆ?"

ಹೇಗೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಮಾತು ಕೊಡುವವಳಲ್ಲ ನಾನು, ಅವತ್ತು ಕೊಟ್ಟೆ.

ಆಫೀಸಿಗೆ ಬಂದು ಮೊದಲು ಉದ್ದದ ವಿಡಿಯೊದಲ್ಲಿ (ನಗು) ಅಳಿಸಿ (ಅಳು) ಎಂದು ಹಾಕಲು ಕೂತೆ. ಅಳಿಸಲು ಬಂತು. ಹಾಕಲು ಬರಲಿಲ್ಲ. ಸದ್ದಿನ ಹೆಸರನ್ನು ನಾವು ಟೈಪ್ ಮಾಡುವಂತಿರಲಿಲ್ಲ, ಕಂಪನಿಯವರ ಪಟ್ಟಿಯಿಂದ ಆರಿಸಬೇಕಿತ್ತು. ಪಟ್ಟಿಯಲ್ಲಿ ನಾಯಿ ಬೊಗಳುವುದಿತ್ತು, ಗಾಜು ಒಡೆಯುವುದಿತ್ತು, ರೈಲಿನ ಸೀಟಿ ಇತ್ತು. 'ಮಗುವಿನ ಅಳು' ಇತ್ತು. ದೊಡ್ಡವರ ಅಳು ಇರಲಿಲ್ಲ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ಇರಲಿಲ್ಲ.

ಕಂಪನಿಯ ಸಹಾಯವಾಣಿಯಲ್ಲಿ ಕಿರಣ್‌ಕುಮಾರ್ ಎಂಬವರು ಸಿಕ್ಕರು. ಕನ್ನಡದವರು, ಮಾತು ಮೆತ್ತಗೆ.

"ದೂರು ದಾಖಲಾಗಿದೆ ಮೇಡಂ. ಆದ್ರೆ ಇದು ತುಂಬಾ ಅಪರೂಪದ ಕೇಸು."

"ಸಾವು ಅಪರೂಪವೇ?"

"ಹಾಗಲ್ಲ ಮೇಡಂ. ದೊಡ್ಡವರು ಅಳೋ ಧ್ವನಿ ಕಲಿಕೆಗೆ ಹೆಚ್ಚು ಸಿಗಲ್ಲ. ಯಾರು ರೆಕಾರ್ಡ್ ಮಾಡಿ ಹಾಕ್ತಾರೆ ಹೇಳಿ? ಮಕ್ಕಳದ್ದು ಬೇಕಾದಷ್ಟು ಸಿಗುತ್ತೆ, ನಗು ಇನ್ನೂ ಜಾಸ್ತಿ ಸಿಗುತ್ತೆ. ಅದಕ್ಕೆ ಆ ಹೆಸರನ್ನೇ ಪಟ್ಟಿಲಿ ಇಟ್ಟಿಲ್ಲ."

"ಗೊತ್ತಿಲ್ಲದಿದ್ದರೆ ಸುಮ್ಮನಿರಬಹುದಿತ್ತಲ್ಲ?"

"ಸುಮ್ಮನೇ ಇರುತ್ತೆ ಮೇಡಂ. ಪ್ರತಿಯೊಂದು ಸದ್ದಿಗೂ ಅಂಕ ಕೊಡುತ್ತೆ, ಐವತ್ತು ದಾಟದಿದ್ರೆ ಏನೂ ಬರೆಯಲ್ಲ. ಇಲ್ಲಿ ನಗುವಿನ ಅಂಕ ದಾಟಿದೆ. ಯಾಕೆ ದಾಟಿತು ಅನ್ನೋದು ನಮಗೂ ಗೊತ್ತಾಗ್ತಿಲ್ಲ. ಅತ್ತರೆ ಸಾಮಾನ್ಯವಾಗಿ ಅಷ್ಟು ಬರಲ್ಲ."

ಆ ಅಂಕಗಳನ್ನು ನೋಡುವುದು ಹೇಗೆಂದು ಅವರಿಂದಲೇ ಕೇಳಿ ತಿಳಿದುಕೊಂಡೆ. ಸಾಫ್ಟ್‌ವೇರು ಸದ್ದನ್ನು ಸುಮಾರು ಒಂದೊಂದು ಸೆಕೆಂಡಿನ ತುಂಡು ಮಾಡುತ್ತದೆ. ತುಂಡುಗಳನ್ನು ಚಿತ್ರವಾಗಿಸುತ್ತದೆ: ಅಡ್ಡಕ್ಕೆ ಕಾಲ, ಮೇಲಕ್ಕೆ ಸ್ವರದ ಎತ್ತರ, ಜೋರಿದ್ದಲ್ಲಿ ಬೆಳಕು. ಆ ಚಿತ್ರ ತಾನು ಹಿಂದೆ ಕಂಡ ಯಾವ ಸದ್ದಿನ ಚಿತ್ರಗಳನ್ನು ಹೋಲುತ್ತದೆ ಎಂದು ನೋಡಿ ಅಂಕ ಹಾಕುತ್ತದೆ. ಅದಕ್ಕೆ ದುಃಖವೂ ತಿಳಿಯದು, ಸಂತೋಷವೂ ತಿಳಿಯದು. ಗೆರೆಗಳು ತಿಳಿಯುತ್ತವೆ, ಅಷ್ಟೆ.

ಅಂಕಗಳ ಸಾಲನ್ನು ತೆರೆದು ನೋಡಿದೆ. ವಿಚಿತ್ರವೆಂದರೆ ನಿಂಗಕ್ಕನ ಅಳುವಿಗೆಲ್ಲ ನಗುವಿನ ಅಂಕ ಬಿದ್ದಿರಲಿಲ್ಲ. ಅವಳು ಗಂಡನನ್ನು ಕರೆದು ಹಾಡಿಕೊಂಡು ಅಳುವಾಗ ಯಾವ ಹೆಸರೂ ಇಲ್ಲ. ಬಿಕ್ಕುವಾಗ ಇಪ್ಪತ್ತು, ಮೂವತ್ತು. ಇದ್ದಕ್ಕಿದ್ದಂತೆ ಎಪ್ಪತ್ತು, ಮತ್ತೆ ಇಳಿತ. ಎಷ್ಟು ಸಲ ಕಿವಿಗೊಟ್ಟು ಕೇಳಿದರೂ ಆ ಎಪ್ಪತ್ತರ ಜಾಗದಲ್ಲಿ ನನಗೆ ಅಳುವೇ ಕೇಳುತ್ತಿತ್ತು. ಇನ್ನು ಕೇಳಲಾರೆನೆಂದು ಸದ್ದು ಆರಿಸಿ, ಚಿತ್ರವನ್ನಷ್ಟೇ ಓಡಲು ಬಿಟ್ಟೆ.

ಆಗ ಕೈ ಕಂಡಿತು.

ಎಪ್ಪತ್ತು ಬಿದ್ದ ಜಾಗದಲ್ಲೆಲ್ಲ ನಿಂಗಕ್ಕ ಅಂಗೈಯಿಂದ ಬಾಯಿ ಬಡಿದುಕೊಳ್ಳುತ್ತಿದ್ದಳು. ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಮಾಡುವುದೇ ಹಾಗೆ. ಉದ್ದಕ್ಕೆ ಎಳೆದು ಅಳುತ್ತಾ ಕೈಯಿಂದ ಬಾಯಿ ಮುಚ್ಚಿ ತೆರೆದು, ಮುಚ್ಚಿ ತೆರೆದು. ಲಬೋ ಲಬೋ ಎನ್ನುತ್ತೇವಲ್ಲ, ಅದು. ಒಂದೇ ಎಳೆಯ ಅಳು ಕೈಯೇಟಿಗೆ ತುಂಡು ತುಂಡಾಗುತ್ತದೆ. ಒಂದು ಸೆಕೆಂಡಿಗೆ ನಾಲ್ಕೈದು ತುಂಡು. ನಾವು ಹಹಹಹ ಎಂದು ನಗುವಾಗಲೂ ಸೆಕೆಂಡಿಗೆ ಅಷ್ಟೇ ತುಂಡು. ಎರಡರ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಬೇಲಿಯ ಕಡ್ಡಿಗಳಂತೆ ಸಮ ಅಂತರದಲ್ಲಿ ನಿಂತ ಬೆಳಕಿನ ಪಟ್ಟಿಗಳು, ಇದರಲ್ಲೂ ಅದರಲ್ಲೂ.

ಕಿರಣ್‌ಕುಮಾರರಿಗೆ ಮತ್ತೆ ಫೋನ್ ಮಾಡಿದೆ. ಅವರು ಗಮನವಿಟ್ಟು ಕೇಳಿದರು.

"ಇರಬಹುದು ಮೇಡಂ. ಆದ್ರೆ ಆ ವಿಡಿಯೊದಲ್ಲಿ ಹತ್ತು ಜನರ ಧ್ವನಿ ಸೇರಿದೆ. ಕೈಯಿಂದಲೇ ಹಾಗಾಯ್ತು ಅಂತ ಹೇಳೋಕಾಗಲ್ಲ. ಒಬ್ಬರೇ, ಮೊದಲು ಕೈ ಇಲ್ಲದೆ, ಆಮೇಲೆ ಕೈಯಿಂದ, ಅದೇ ಥರ ಅತ್ತಿರೋ ರೆಕಾರ್ಡಿಂಗ್ ಕಳಿಸಿದ್ರೆ ನಮ್ಮ ಟೀಮಿಗೆ ತೋರಿಸಬಹುದು."

"ಯಾರನ್ನ ಕೇಳಲಿ?"

"ಯಾರಾದ್ರೂ ಪರವಾಗಿಲ್ಲ."

ಯಾರಾದರೂ! ಸಾವಿಲ್ಲದ ಮನೆಯಲ್ಲಿ ಬಾಯಿ ಬಡಿದುಕೊಳ್ಳುವುದು ಎಂಥ ಅಪಶಕುನ ಎಂದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲವೋ, ಮರೆತಿತ್ತೋ. ಚಿಕ್ಕವಳಿದ್ದಾಗ ಆಟಕ್ಕೆ ಹಾಗೆ ಮಾಡಿದ್ದಕ್ಕೆ ಅವ್ವ ನನ್ನ ಕೈ ಮೇಲೆ ಬಾರಿಸಿದ್ದಳು. ನಿಂಗಕ್ಕನನ್ನು ಕೇಳುವ ಮಾತೇ ಇಲ್ಲ. ಅದಕ್ಕೆ ನಾನೇ ಕೂತೆ.

ಮಧ್ಯಾಹ್ನ ಅಮರೇಶ್ ಊಟಕ್ಕೆ ಹೋದ ಮೇಲೆ ಕಿಟಕಿ ಹಾಕಿದೆ. ಬಾಗಿಲು ಹಾಕಿದೆನೆಂದುಕೊಂಡೆ. ಈರೇಶನಿಗೆ ಹೇಳಿದಾಗ ಅವನು ಬೆಚ್ಚಿದ.

"ಮೇಡಂ, ಬೇಡ. ಮನೇಲಿ ಯಜಮಾನ್ರು, ಮಕ್ಕಳು ಅವ್ರೆ ನಿಮಗೆ."

"ಮೈಕ್ ಹಾಕು."

"ನಾನೇ ಮಾಡ್ತೀನಿ ಬಿಡ್ರಿ."

"ಗಂಡಸರು ಹಂಗೆ ಅಳ್ತಾರೇನೋ? ಹಾಕು."

ಮೊದಲ ಸಲ ನನ್ನ ಗಂಟಲಿನಿಂದ ಬೆಕ್ಕಿನ ಮರಿಯಂಥ ಸದ್ದು ಬಂತು. ಈರೇಶ್ ನಗಲಿಲ್ಲ, ಅವನಿಗೆ ಪುಣ್ಯ ಬರಲಿ. ಎರಡನೆಯ ಸಲ ಕಣ್ಣು ಮುಚ್ಚಿ ಉದ್ದಕ್ಕೆ ಎಳೆದೆ. ಪರದೆಯಲ್ಲಿ ನಗು ಹದಿನೆಂಟು, ಸೈರನ್ ನಲವತ್ತು ಎಂದು ಬಂತು. ಮೂರನೆಯ ಸಲ ಅದೇ ಎಳೆತಕ್ಕೆ ಕೈ ಸೇರಿಸಿದೆ. ಬಾಯಿ ಬಡಿದುಕೊಳ್ಳಲು ಶುರು ಮಾಡಿದ ಮೇಲೆ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಯಾರು ಯಾರೋ ಸತ್ತವರು ನೆನಪಾದರು. ಈರೇಶ್ "ಸಾಕು ಮೇಡಂ, ಸಾಕ್ರಿ" ಎನ್ನುತ್ತಿದ್ದ. ಕಣ್ಣು ಬಿಟ್ಟಾಗ ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ (ನಗು) ಎಂದಿತ್ತು. ಎಪ್ಪತ್ತೆಂಟು.

ಬಾಗಿಲು ದಢಾರನೆ ತೆರೆಯಿತು. ಕೆಳಗಿನ ಮನೆಯ ಜಗದಾಂಬ ಅಮ್ಮ, ಸೆರಗು ಜಾರಿದ್ದೂ ಗೊತ್ತಿಲ್ಲದೆ ಏದುಸಿರು ಬಿಡುತ್ತಾ ನಿಂತಿದ್ದರು.

"ಯಾರು ಹೋದ್ರೇ ಶೈಲಜಾ? ನಿಮ್ಮವ್ವನಾ?"

"ಯಾರೂ ಇಲ್ಲಮ್ಮ. ಯಾರೂ ಹೋಗಿಲ್ಲ."

"ಮತ್ತೆ?"

"ಟೆಸ್ಟಿಂಗ್ ಅಮ್ಮ" ಎಂದ ಈರೇಶ್.

ಜಗದಾಂಬ ಅಮ್ಮನವರ ಮರುಕ ಆರಿ ಮುಖ ಕೆಂಪಾದದ್ದನ್ನು ನಾನು ನೋಡಿದೆ.

"ಟೆಸ್ಟಿಂಗಾ? ನನ್ನ ಮನೆ ಮೇಲೆ ಕೂತು ಸಾವನ್ನ ಕರೀತೀರಾ? ಕೆಳಗೆ ನಮ್ಮ ಯಜಮಾನ್ರು ಬಿ.ಪಿ. ಮಾತ್ರೆ ತಗೊಂಡು ಮಲಗವ್ರೆ! ಓದಿದೋಳು ನೀನು, ಬುದ್ಧಿ ಬೇಡ್ವಾ? ಈಗ ಮನೆಯೆಲ್ಲ ತೊಳೀಬೇಕು ನಾನು. ಮೇಲಿನ ಕೋಣೆನ ನೀನು ತೊಳಿ. ಈಗಲೇ."

ನಾನು ತೊಳೆದೆ. ಕಂಪ್ಯೂಟರಿನ ವೈರುಗಳನ್ನು ಈರೇಶ್ ಎತ್ತಿ ಹಿಡಿದುಕೊಂಡ. ವಿಭೂತಿ ಬೆರೆಸಿದ ನೀರನ್ನು ಅವರೇ ತಂದು ಮೂಲೆ ಮೂಲೆಗೂ ಚಿಮುಕಿಸಿ, ನನ್ನ ತಲೆಯ ಮೇಲೂ ಚಿಮುಕಿಸಿ ಹೋದರು.

ರೆಕಾರ್ಡಿಂಗ್ ಕಳಿಸಿದ್ದಕ್ಕೆ ಕಿರಣ್‌ಕುಮಾರರ ಉತ್ತರ ಎರಡು ದಿನ ಬಿಟ್ಟು ಬಂತು. ನಾನು ಹೇಳಿದ್ದು ಸರಿ ಎಂದು ಅವರ ತಂಡದವರು ಒಪ್ಪಿದ್ದರು. ಬಹಳ ಉಪಯುಕ್ತ ಉದಾಹರಣೆ ಎಂದಿದ್ದರು. ದೊಡ್ಡವರ ಅಳುವನ್ನು ಮುಂದಿನ ಆವೃತ್ತಿಯಲ್ಲಿ ಸೇರಿಸುವ ಯೋಚನೆ ಇದೆ. ಅದಕ್ಕೆ ಇಂಥ ಉದಾಹರಣೆಗಳು ನೂರಾರು ಬೇಕು, ಬೇರೆ ಬೇರೆ ಹೆಂಗಸರದು. ಯಾವಾಗ ಆಗುತ್ತದೆಂದು ಹೇಳಲಾಗದು. ಸದ್ಯಕ್ಕೆ ನಗುವಿನ ಗಡಿಯನ್ನು ಐವತ್ತರಿಂದ ಎಂಬತ್ತಕ್ಕೆ ಏರಿಸಿಕೊಳ್ಳಬಹುದು.

ಅಮರೇಶ್ ಏರಿಸಿ ನೋಡಿದ. ನಿಂಗಕ್ಕನ ಮೇಲಿನ ನಗು ಮಾಯವಾಯಿತು. ಜೊತೆಗೆ ನಾಟಕದ ಜನರ ನಗುವಿನಲ್ಲಿ ಮುಕ್ಕಾಲುಪಾಲು ಮಾಯವಾಯಿತು. "ನಕ್ಕು ಬಿಡಿ"ಗೆ ವಿಡಿಯೊ ಸಿಗುವುದೇ ನಿಂತಿತು. ಸಂಜೆಯೊಳಗೆ ಮತ್ತೆ ಐವತ್ತಕ್ಕೆ ಇಳಿಸಿದ.

"ಇಳಿಸಬೇಡ್ರಿ ಅಮರೇಶ್. ನಾಳೆ ಇನ್ನೊಂದು ಊರಲ್ಲಿ ಇನ್ನೊಬ್ಬಳು."

"ಸಾವಿನ ವಿಡಿಯೊ ಬಂದ್ರೆ ನೀವು ನೋಡಿ ಬಿಡ್ರಿ ಮೇಡಂ."

"ನೋಡೋಕೆ ಮುಂಚೆಯೇ ಹೋಗಿಬಿಡುತ್ತಲ್ಲ, ನನ್ನ ಒಪ್ಪಿಗೆ ಇಲ್ಲದೆ ಚಿಕ್ಕ ವಿಡಿಯೊ ಹೋಗಬಾರದು."

"ಎಲ್ಲಾನೂ ನೀವೇ ನೋಡೋದಾದ್ರೆ ಮಷೀನ್ ಯಾಕೆ ತಂದೆ ನಾನು?"

"ಅದನ್ನೇ ನಾನೂ ಕೇಳ್ತಿರೋದು."

ನನ್ನ ಧ್ವನಿ ಏರಿದ್ದು ನನಗೇ ಕೇಳಿಸಿತು. ಅಮರೇಶ್ ಪೆನ್ನು ಕೆಳಗಿಟ್ಟ. ಕೆಟ್ಟವನಲ್ಲ ಅವನು. ಸೋಮಾರಿಯೂ ಅಲ್ಲ. ಒಬ್ಬ ನಿಂಗಕ್ಕನ ಹೆಸರು ಅವನ ಕಣ್ಣಿಗೆ ದೊಡ್ಡದಾಗಿ ಕಾಣುತ್ತಿರಲಿಲ್ಲ, ಅಷ್ಟೆ. ಕೊನೆಗೆ ಒಪ್ಪಿದ: ಇನ್ನು ಮೇಲೆ ನಾನು ನೋಡದೆ ಚಿಕ್ಕ ವಿಡಿಯೊ ಹೋಗುವುದಿಲ್ಲ.

"ನಿಂಗಕ್ಕನ ವಿಷಯ?"

"ವಿಷಾದ ಅಂತ ಒಂದು ಸಾಲು ಹಾಕೋಣ."

"ಸಾಲನ್ನ ಯಾರೂ ಓದಲ್ಲ. ಅವಳು ಅಳ್ತಿದ್ದಳು ಅಂತ ನಾವು ಬರೆದ್ರೆ, ಚಾನೆಲ್‌ನೋರು ಹೆದರಿ ಬರೆದ್ರು ಅಂತಾರೆ. ಅಳು ಹೆಂಗೆ ನಗು ಆಯ್ತು ಅಂತ ಕಣ್ಣಿಗೆ ಕಾಣಬೇಕು."

ಈರೇಶ್ ಬಾಗಿಲ ಹತ್ತಿರ ನಿಂತಿದ್ದವನು ಕೆಮ್ಮಿದ. "ಮೇಡಂ, ಅವತ್ತು ಮೈಕ್ ಜೊತೆ ಕ್ಯಾಮೆರಾನೂ ಆನ್ ಇತ್ತು."

ನಾನು ಅವನನ್ನು ಏನು ಬೈದೆನೋ ನೆನಪಿಲ್ಲ. ನಾನು ಫೋಟೊ ತೆಗೆಸಿಕೊಳ್ಳಲೂ ಹಿಂಜರಿಯುವವಳು. ಬೀದಿಯಲ್ಲಿ ಯಾರಾದರೂ ಎರಡು ಸಲ ನೋಡಿದರೆ ಸೀರೆ ನೆರಿಗೆ ಮುಟ್ಟಿ ನೋಡಿಕೊಳ್ಳುವವಳು. ಅಂಥ ನನ್ನ ಮುಖ, ಕಣ್ಣು ಮುಚ್ಚಿ, ಬಾಯಿ ಬಡಿದುಕೊಳ್ಳುತ್ತಾ, ಬಸ್ಸು ಬಸ್ಸಿನ ಫೋನುಗಳಲ್ಲಿ. ಮನೆಯಲ್ಲಿ ಹೇಳಿದಾಗ ಯಜಮಾನರು ಊಟ ಮುಗಿಸಿದರು. ಕೈ ತೊಳೆದು ಬಂದು, "ನಿನಗೆ ಸರಿ ಅನ್ನಿಸಿದ್ರೆ ಹಾಕು. ನಮ್ಮವ್ವನಿಗೆ ಮಾತ್ರ ತೋರಿಸ್ಬೇಡ" ಎಂದರು. ನನಗೆ ಸರಿ ಅನ್ನಿಸಿತ್ತೆಂದು ಹೇಳಲಾರೆ. ಬೇರೆ ದಾರಿ ಕಾಣಲಿಲ್ಲ.

ಕಾವ್ಯನಿಗೆ ಫೋನ್ ಮಾಡಿ, ಹೀಗೆ ಹೀಗೆ ಮಾಡುತ್ತೇವೆ, ಅವ್ವನನ್ನು ಕೇಳು ಎಂದೆ. "ಹೂಂ ಅಂದ್ಲು" ಎಂದು ಉತ್ತರ ಬಂತು. ನಿಂಗಕ್ಕನ ಚಿತ್ರವನ್ನು ಮತ್ತೆ ತೋರಿಸಬಾರದೆಂದು ನಾನು ಹಟ ಹಿಡಿದೆ. ಅವಳ ಕೈಯನ್ನಷ್ಟೇ ತೋರಿಸಿದೆವು. ಉಳಿದದ್ದೆಲ್ಲ ನಾನು. ಕೈ ಇಲ್ಲದ ಅಳು, ಪಕ್ಕದಲ್ಲಿ ಅಂಕ. ಕೈ ಸೇರಿದ ಅಳು, ಅಂಕ ಏರಿ (ನಗು) ಎಂದು ಬೀಳುವುದು. ಹಿಂದೆ ಜಗದಾಂಬ ಅಮ್ಮ ಬಾಗಿಲು ತೆರೆದು "ಯಾರು ಹೋದ್ರೇ ಶೈಲಜಾ?" ಎಂದು ಓಡಿಬರುವ ಜಾಗವನ್ನು ಕತ್ತರಿಸೋಣವೆಂದರೆ ಅಮರೇಶ್ ಒಪ್ಪಲಿಲ್ಲ. "ಮೇಡಂ, ಅದೇ ಸಾಕ್ಷಿ. ಮಷೀನ್ ನಗು ಅಂದಿದ್ದನ್ನ ಮನುಷ್ಯರು ಅಳು ಅಂತ ಕೇಳಿ ಓಡಿ ಬಂದಿದ್ದು" ಎಂದ. ಈ ಒಂದು ವಿಷಯದಲ್ಲಿ ಅವನು ನನಗಿಂತ ಚೆನ್ನಾಗಿ ಯೋಚಿಸಿದ್ದ. ಜಗದಾಂಬ ಅಮ್ಮನವರನ್ನು ಕೇಳಿದೆವು. "ಸೆರಗು ಸರಿ ಇಲ್ಲದ ಕಡೆ ಮುಚ್ಚಿ ಹಾಕ್ರಿ" ಎಂದರು. ಆವರಣದ ಅಕ್ಷರವನ್ನು ಪಟ್ಟಿಯ ಗೊಡವೆಯಿಲ್ಲದೆ ಚಿತ್ರದ ಮೇಲೆ ಕೈಯಾರೆ ಬರೆದೆ: (ಇದು ಅಳು).

ವಿಡಿಯೊ ಓಡಿತು. "ನಕ್ಕು ಬಿಡಿ"ಯಷ್ಟಲ್ಲ, ಆದರೆ ಓಡಿತು. ನನ್ನ ಓಣಿಯ ತರಕಾರಿಯವಳು ಎರಡು ದಿನ ನನ್ನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತೆಗೆ ಯಾರೋ ತೋರಿಸಿಯೇ ಬಿಟ್ಟರು. ಅವರು ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಹಳೆಯ ಚಿಕ್ಕ ವಿಡಿಯೊವೂ ನಿಂತಿರಲಿಲ್ಲ. ದಾವಣಗೆರೆಯ ನನ್ನ ಸಂಬಂಧಿಕರ ವಾಟ್ಸಾಪ್ ಗುಂಪಿಗೇ, ನಗುವ ಮುಖಗಳ ಸಾಲಿನೊಡನೆ ಬಂತು. ಅದರ ಕೆಳಗೆ ನಮ್ಮ ವಿಡಿಯೊ ಹಾಕಿದೆ. ಯಾರೂ ಏನೂ ಅನ್ನಲಿಲ್ಲ.

ನಿಂಗಕ್ಕನಿಂದ ಸುದ್ದಿ ಇರಲಿಲ್ಲ. ನಾನೇ ಫೋನ್ ಮಾಡಲು ಅಂಜಿದೆ. ಕೊನೆಗೆ ಕಾವ್ಯನ ನಂಬರಿನಿಂದ ಕರೆ ಬಂತು. ಮಾತಾಡಿದ್ದು ನಿಂಗಕ್ಕ.

"ನೋಡಿದೆ ಕಣವ್ವ. ನನ್ನ ಗಂಡನಿಗೆ ನೀನ್ಯಾಕೆ ಅಷ್ಟು ಬಾಯಿ ಬಡ್ಕೊಂಡೆ?"

ಆ ಕಡೆ ಕಾವ್ಯ ನಕ್ಕದ್ದು ಕೇಳಿಸಿತು.

"ಊರಲ್ಲಿ ಏನಂತಾರೆ ಅಕ್ಕ?"

"ಕೊಟ್ಟೂರಪ್ಪ ನಿನ್ನೆ ನಿಂಗಕ್ಕ ಅಂದ. ಎದುರಿಗೆ ಅಂದ. ಹಿಂದೆ ಏನಂತಾನೋ ಯಾರಿಗೆ ಗೊತ್ತು. ಹೆಂಗಸ್ರು ಯಾರೂ ಈಗ ಅನ್ನಲ್ಲ. ಅವ್ರೆಲ್ಲ ಬಾಯಿ ಬಡ್ಕೊಂಡೋರೇ ಅಲ್ವಾ, ನೋಡಿದ ಕೂಡ್ಲೆ ತಿಳೀತು. ಹುಡುಗ್ರು ಇನ್ನೂ ಅಂತಾವೆ." ಆಮೇಲೆ, "ಒಂದು ಕೇಳ್ತೀನಿ, ಕೊಡ್ತೀಯಾ?" ಎಂದಳು.

"ಏನಕ್ಕ?"

"ಅವತ್ತು ನಾನು ಏನೇನು ಹಾಡ್ಕೊಂಡು ಅತ್ತೆ ಅಂತ ನನಗೆ ಗೊತ್ತಿಲ್ಲ. ಒಂದೂ ನೆನಪಿಲ್ಲ. ನಿಮ್ಮ ಹತ್ರ ಐತಲ್ಲ. ಆ ಬರಹ ಗಿರಹ ಏನೂ ಇಲ್ದಂಗೆ ಕೊಡು. ಕಾವ್ಯನ ಫೋನಿಗೆ ಹಾಕು."

ಈರೇಶ್ ತಂದ ಮೂಲ ವಿಡಿಯೊವನ್ನು ತೆರೆದೆ. ಅಳುವಿನ ಹಾಡಿಗೆ ಸಾಫ್ಟ್‌ವೇರು ಮಾತನ್ನೂ ಬರೆದಿರಲಿಲ್ಲ, ಅದಕ್ಕೆ ಅದು ಮಾತೆಂದೇ ತಿಳಿದಿರಲಿಲ್ಲ. ಮೊದಲ ಸಲ ನಾನು ಅಂಕಗಳಿಗಾಗಿ ಅಲ್ಲದೆ ಪದಗಳಿಗಾಗಿ ಕೇಳಿದೆ. ಕುರಿಗಳಿಗೆ ಯರ್ರಪ್ಪ ಇಟ್ಟಿದ್ದ ಹೆಸರುಗಳನ್ನು ನಿಂಗಕ್ಕ ಒಂದೊಂದಾಗಿ ಕೂಗಿ, ಸಂಜೆ ಇವು ಯಾರ ಹಿಂದೆ ಬರಬೇಕು ಎಂದು ಅವನನ್ನು ಕೇಳುತ್ತಿದ್ದಳು. ನಡುವೆ ಕೆಲವು ತೆಲುಗು ಮಾತು ನನಗೆ ತಿಳಿಯಲಿಲ್ಲ.

ಅಕ್ಷರ ಬೇಕೆ ಎಂದು ಪರದೆ ಕೇಳಿತು. ಬೇಡ ಎಂಬುದನ್ನು ಒತ್ತಿದೆ. ಕಳಿಸುವ ಮುಂಚೆ ಒಮ್ಮೆ, ಕಳಿಸಿದ ಮೇಲೆ ಒಮ್ಮೆ, ಎಲ್ಲಾದರೂ ಅಕ್ಷರ ಉಳಿದಿದೆಯೇ ಎಂದು ಕೊನೆಯವರೆಗೂ ನೋಡಿದೆ.